ಏರೋಬ್ರಿಡ್ಜ್ ಸಿಗದೆ ಬಸ್ಸಿನಲ್ಲಿ ಹೋಗಬೇಕಾದಾಗ: ನಡಿಗೆ, ಮೆಟ್ಟಿಲು, ಸಮಯ

ಪ್ರಶ್ನೆ: ನನ್ನ ತಾಯಿಗೆ 71 ವರ್ಷ. ಒಂದು ವರ್ಷದ ಹಿಂದೆ ಎಡ ಮೊಣಕಾಲಿನ ಕೀಲು ಬದಲಿಸಿದ್ದಾರೆ. ಸಮತಟ್ಟಾದ ನೆಲದಲ್ಲಿ ಕೋಲು ಹಿಡಿದು ನಿಧಾನವಾಗಿ ನಡೆಯುತ್ತಾರೆ, ಮೆಟ್ಟಿಲು ಮಾತ್ರ ಆಗುವುದಿಲ್ಲ. ಮುಂದಿನ ತಿಂಗಳು ಅವರನ್ನು ಕರೆದುಕೊಂಡು ಎರಡು ವಿಮಾನಗಳಲ್ಲಿ ಹೋಗಬೇಕಾಗಿದೆ. ಎರಡೂ ಒಂದೇ ಟಿಕೆಟ್ಟಿನಲ್ಲಿವೆ, ನಡುವೆ 75 ನಿಮಿಷ ಬಿಡುವಿದೆ. ಕಳೆದ ಸಲ ಬಸ್ಸಿನಲ್ಲಿ ನಿಲ್ಲಿಸಿ, ದೂರ ನಿಂತಿದ್ದ ವಿಮಾನಕ್ಕೆ ಮೆಟ್ಟಿಲು ಹತ್ತಿಸಿದ್ದರಿಂದ ಎರಡು ದಿನ ನೋವು ಅನುಭವಿಸಿದರು. ಟರ್ಮಿನಲ್‌ನಿಂದ ನೇರವಾಗಿ ವಿಮಾನದ ಬಾಗಿಲಿಗೆ ನಡೆದುಹೋಗುವ ಏರೋಬ್ರಿಡ್ಜ್ ಇರುವ ವಿಮಾನವನ್ನೇ ಆರಿಸಿಕೊಳ್ಳಲು ಆಗುತ್ತದೆಯೇ? ವೀಲ್‌ಚೇರ್ ಕೇಳಿದರೆ ಏರೋಬ್ರಿಡ್ಜ್ ಕೊಡಲೇಬೇಕು ಎನ್ನುತ್ತಾರೆ, ಅದು ನಿಜವೇ? ಬಸ್ಸಿನಲ್ಲೇ ಹೋಗಬೇಕಾದರೆ ಗೇಟಿನ ಬಳಿಗೆ ಎಷ್ಟು ಮುಂಚೆ ಹೋಗಬೇಕು?

ಉತ್ತರ: ಆರಿಸಿಕೊಳ್ಳಲು ಆಗುವುದಿಲ್ಲ. ವಿಮಾನವು ಯಾವ ಬೇಯಲ್ಲಿ, ಅಂದರೆ ಯಾವ ನಿಲುಗಡೆ ಜಾಗದಲ್ಲಿ ನಿಲ್ಲಬೇಕೆಂಬುದು ಟಿಕೆಟ್ ಮಾರುವಾಗ ಯಾರಿಗೂ ಗೊತ್ತಿರುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಬೇಗಳನ್ನು ಹಂಚುವ ಸಿಬ್ಬಂದಿ ಒಂದು ಕರಡು ಪಟ್ಟಿಯನ್ನು ಮುಂಚಿತವಾಗಿ ಸಿದ್ಧಪಡಿಸಿಕೊಂಡಿರುತ್ತಾರಾದರೂ, ವಿಮಾನಗಳು ತಡವಾದಂತೆಲ್ಲ ಅದೇ ದಿನ ಗಂಟೆಗೊಮ್ಮೆ ಅದನ್ನು ತಿದ್ದುತ್ತಿರುತ್ತಾರೆ. ನಿಮ್ಮ ವಿಮಾನಕ್ಕೆಂದು ಗುರುತಿಸಿದ್ದ ಏರೋಬ್ರಿಡ್ಜ್ ಬೇಯಲ್ಲಿ ಬೇರೊಂದು ವಿಮಾನ ಹೊರಡದೆ ನಿಂತುಬಿಟ್ಟರೆ, ನಿಮ್ಮದನ್ನು ರಿಮೋಟ್ ಬೇಗೆ, ಅಂದರೆ ಟರ್ಮಿನಲ್ ಕಟ್ಟಡಕ್ಕೆ ಅಂಟಿಕೊಂಡಿರದ ದೂರದ ನಿಲುಗಡೆಗೆ ಕಳುಹಿಸುತ್ತಾರೆ. ಆದ್ದರಿಂದ ನಿನ್ನೆ ಏರೋಬ್ರಿಡ್ಜ್‌ನಿಂದ ಹೊರಟ ಅದೇ ಸಂಖ್ಯೆಯ ವಿಮಾನ ಇಂದು ರಿಮೋಟ್ ಬೇಯಿಂದ ಹೊರಡಬಹುದು. ಹೆಚ್ಚು ಹಣ ಕೊಟ್ಟು ಮುಂದಿನ ಸಾಲಿನ ಸೀಟು ತೆಗೆದುಕೊಂಡರೆ ಇಳಿಯುವಾಗ ಕೆಲವು ನಿಮಿಷ ಉಳಿಯಬಹುದೇ ಹೊರತು ಬಸ್ಸು ತಪ್ಪುವುದಿಲ್ಲ.

ವೀಲ್‌ಚೇರ್ ಕೇಳಿದರೆ ಏರೋಬ್ರಿಡ್ಜ್ ಖಚಿತ ಎಂಬುದೂ ತಪ್ಪು ತಿಳಿವಳಿಕೆ. ವೀಲ್‌ಚೇರ್ ಪ್ರಯಾಣಿಕರು ಹೆಚ್ಚಿರುವ ವಿಮಾನಕ್ಕೆ ಏರೋಬ್ರಿಡ್ಜ್ ಕೊಡಲು ಬೇ ಹಂಚುವವರು ಕೆಲವೊಮ್ಮೆ ಪ್ರಯತ್ನಿಸುತ್ತಾರೆ ನಿಜ, ಆದರೆ ಅದು ಅಂದಿನ ಅನುಕೂಲವನ್ನು ಅವಲಂಬಿಸಿದೆ. ನೀವು ಹಕ್ಕಿನಿಂದ ಕೇಳಬಹುದಾದದ್ದು ವಿಮಾನದ ಬಾಗಿಲಿನವರೆಗೆ ಮೆಟ್ಟಿಲು ಹತ್ತದೆ ತಲುಪುವ ವ್ಯವಸ್ಥೆಯನ್ನು. ಅದು ಏರೋಬ್ರಿಡ್ಜ್ ಆಗಿರಬಹುದು, ವೀಲ್‌ಚೇರನ್ನು ಬಾಗಿಲಿನ ಎತ್ತರಕ್ಕೆ ಏರಿಸುವ ಆಂಬುಲಿಫ್ಟ್ ಎಂಬ ವಾಹನ ಆಗಿರಬಹುದು ಅಥವಾ ಇಳಿಜಾರಾದ ರ‍್ಯಾಂಪ್ ಆಗಿರಬಹುದು. ನಿಮ್ಮ ತಾಯಿಯವರ ಪ್ರಯಾಣದ ಮಟ್ಟಿಗೆ ಇದೇ ಮುಖ್ಯವಾದ ಸಂಗತಿ.

ಬಸ್ಸು ಎಂದರೆ ಹೆಚ್ಚು ನಡಿಗೆ, ಏರೋಬ್ರಿಡ್ಜ್ ಎಂದರೆ ಕಡಿಮೆ ನಡಿಗೆ ಎಂದು ಬಹುಪಾಲು ಜನರು ಭಾವಿಸುತ್ತಾರೆ. ವಿಮಾನ ನಿಲ್ದಾಣದ ಗ್ರೌಂಡ್ ಹ್ಯಾಂಡ್ಲಿಂಗ್ ವಿಭಾಗದಲ್ಲಿ ನಾನು ಇಪ್ಪತ್ತು ವರ್ಷಗಳಿಂದ ನೋಡುತ್ತಿರುವುದು ಹೆಚ್ಚಾಗಿ ಇದರ ವಿರುದ್ಧವಾದದ್ದು. ಏರೋಬ್ರಿಡ್ಜ್ ಗೇಟುಗಳು ವಿಮಾನಗಳ ಅಗಲಕ್ಕೆ ತಕ್ಕಂತೆ ಒಂದರಿಂದ ಒಂದು ದೂರವಿರಬೇಕಾಗುವುದರಿಂದ, ಅವುಗಳನ್ನು ಟರ್ಮಿನಲ್ಲಿನ ಉದ್ದನೆಯ ತೋಳುಗಳ ಮೇಲೆ ಸಾಲಾಗಿ ಹರಡಿರುತ್ತಾರೆ. ದೊಡ್ಡ ನಿಲ್ದಾಣದಲ್ಲಿ ಭದ್ರತಾ ತಪಾಸಣೆಯಿಂದ ಕೊನೆಯ ಗೇಟಿನವರೆಗೆ ಅರ್ಧ ಕಿಲೋಮೀಟರಿಗೂ ಹೆಚ್ಚು ನಡೆಯಬೇಕಾಗುವುದು ಅಪರೂಪವಲ್ಲ. ಬಸ್ ಗೇಟುಗಳ ಮುಂದೆ ವಿಮಾನ ನಿಲ್ಲಬೇಕಾಗಿಲ್ಲ, ಬಸ್ಸು ನಿಂತರೆ ಸಾಕು. ಹಾಗಾಗಿ ಅವು ನೆಲ ಅಂತಸ್ತಿನಲ್ಲಿ ಒತ್ತೊತ್ತಾಗಿ, ಎಷ್ಟೋ ಕಡೆ ತಪಾಸಣೆಯ ಸ್ಥಳಕ್ಕೆ ಹತ್ತಿರದಲ್ಲೇ ಇರುತ್ತವೆ. ಹೀಗಾಗಿ ಬಸ್ಸಿನಲ್ಲಿ ಹೋಗುವವರು ಒಟ್ಟಾರೆ ಕಡಿಮೆ ನಡೆಯುವುದೂ ಉಂಟು. ಆದರೆ ಉಳಿತಾಯವಾದ ನಡಿಗೆಗೆ ಬದಲಾಗಿ ಎರಡು ಬೇರೆ ಹೊರೆಗಳು ಬಂದು ಸೇರುತ್ತವೆ. ಒಂದು ನಿಲ್ಲುವುದು, ಇನ್ನೊಂದು ಹತ್ತಿ ಇಳಿಯುವುದು. ಸಮತಟ್ಟಾದ ನೆಲದಲ್ಲಿ ನಡೆಯಬಲ್ಲ, ಮೆಟ್ಟಿಲು ಹತ್ತಲಾರದ ಮೊಣಕಾಲಿಗೆ ಈ ಅದಲು ಬದಲು ನಷ್ಟದ್ದೇ.

ನಿಲ್ಲುವುದರ ಲೆಕ್ಕವನ್ನು ಮೊದಲು ನೋಡೋಣ. ಏಪ್ರನ್ ಮೇಲೆ, ಅಂದರೆ ವಿಮಾನಗಳು ನಿಲ್ಲುವ ಬಯಲಿನಲ್ಲಿ ಓಡುವ ಬಸ್ಸುಗಳು ರಸ್ತೆಯ ಬಸ್ಸಿಗಿಂತ ಅಗಲವಾಗಿದ್ದು, ನೆಲಕ್ಕೆ ತಗ್ಗಾಗಿರುತ್ತವೆ. ನೂರು ಮಂದಿಯ ಆಸುಪಾಸು ಹಿಡಿಸುವ ಇಂಥ ಬಸ್ಸಿನಲ್ಲಿ ಸೀಟುಗಳು ಹತ್ತು ಹದಿನೈದು ಮಾತ್ರ. ಬಸ್ಸಿನ ಪ್ರಯಾಣವೇನೋ ಐದಾರು ನಿಮಿಷದ್ದು, ಆದರೆ ನಿಂತಿರಬೇಕಾದ ಸಮಯ ಅದಕ್ಕಿಂತ ಬಹಳ ಹೆಚ್ಚು. ಬಸ್ಸು ತುಂಬುವವರೆಗೆ ಗೇಟಿನಲ್ಲೇ ಕಾಯುತ್ತದೆ. ವಿಮಾನದ ಬಳಿ ತಲುಪಿದ ಮೇಲೂ ಒಳಗೆ ಶುಚಿಗೊಳಿಸುವ ಕೆಲಸ ಮುಗಿಯದಿದ್ದರೆ ಅಥವಾ ಇಂಧನ ತುಂಬುತ್ತಿರುವಾಗ ಹತ್ತಿಸಿಕೊಳ್ಳಲು ಬೇಕಾದ ಸಿದ್ಧತೆ ಆಗಿರದಿದ್ದರೆ, ವಿಮಾನದ ಸಿಬ್ಬಂದಿ ಒಪ್ಪಿಗೆ ಕೊಡುವವರೆಗೆ ಬಸ್ಸಿನ ಬಾಗಿಲು ತೆರೆಯುವುದಿಲ್ಲ. ಎಲ್ಲರಿಗಿಂತ ಮೊದಲು ಬಸ್ಸು ಹತ್ತಿದವರು ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಾರೆ. ಕೆಲವೊಮ್ಮೆ ಇದು ಇಪ್ಪತ್ತು ನಿಮಿಷಕ್ಕೆ ಮುಟ್ಟುವುದನ್ನು ಕಂಡಿದ್ದೇನೆ. ಅಷ್ಟಾಗಿಯೂ ಅವರು ವಿಮಾನವನ್ನು ಮೊದಲು ಹತ್ತುತ್ತಾರೆಂದೇನೂ ಇಲ್ಲ, ಏಕೆಂದರೆ ಬಸ್ಸಿನ ಬಾಗಿಲುಗಳು ಒಟ್ಟಿಗೆ ತೆರೆದಾಗ ಬಾಗಿಲ ಬಳಿ ನಿಂತ ಕೊನೆಯವರೇ ಮುಂದಾಗಿರುತ್ತಾರೆ.

ಹತ್ತುವ ಲೆಕ್ಕ ವಿಮಾನದ ಬಾಗಿಲ ಎತ್ತರದ ಮೇಲೆ ನಿಂತಿದೆ. ಏರ್‌ಬಸ್ ಎ320ರ ಬಾಗಿಲ ಹೊಸ್ತಿಲು ನೆಲದಿಂದ ಸುಮಾರು 3.4 ಮೀಟರ್ ಎತ್ತರದಲ್ಲಿರುತ್ತದೆ, ಅಂದರೆ ಸ್ಟೆಪ್ ಲ್ಯಾಡರ್‌ನಲ್ಲಿ ಹೆಚ್ಚುಕಡಿಮೆ ಹದಿನೆಂಟು ಮೆಟ್ಟಿಲು. ಬೋಯಿಂಗ್ 737 ಸ್ವಲ್ಪ ತಗ್ಗು, ಸುಮಾರು 2.7 ಮೀಟರ್. ಎರಡು ನಡುದಾರಿಗಳಿರುವ ದೊಡ್ಡ ವಿಮಾನಗಳಲ್ಲಿ ಎತ್ತರ ಇನ್ನೂ ಹೆಚ್ಚು. ಎಟಿಆರ್‌ನಂಥ ಚಿಕ್ಕ ಪ್ರೊಪೆಲ್ಲರ್ ವಿಮಾನಗಳಿಗೆ ಏರೋಬ್ರಿಡ್ಜ್ ಸಿಗುವುದೇ ಅಪರೂಪ, ಆದರೆ ಅವುಗಳ ಬಾಗಿಲಿಗೇ ಜೋಡಿಸಿರುವ ಮೆಟ್ಟಿಲುಗಳು ಕೆಲವೇ ಕೆಲವು. ಬುಕ್ ಮಾಡುವಾಗ ಸಾಮಾನ್ಯವಾಗಿ ವಿಮಾನದ ಮಾದರಿ ಕಾಣಿಸುತ್ತದೆ, ಬೇ ಯಾವುದೆಂದು ಮೊದಲೇ ತಿಳಿಯದಿದ್ದರೂ ಕೆಟ್ಟ ಸಂದರ್ಭದಲ್ಲಿ ಎಷ್ಟು ಎತ್ತರ ಎಂಬುದನ್ನು ಅದರಿಂದ ಅಂದಾಜಿಸಬಹುದು. ಏರೋಬ್ರಿಡ್ಜ್‌ನಲ್ಲಿ ಈ ಎತ್ತರದ ಪ್ರಶ್ನೆಯೇ ಬರುವುದಿಲ್ಲ. ಗೇಟು ಮೇಲಿನ ಅಂತಸ್ತಿನಲ್ಲಿರುತ್ತದೆ, ನಡುವಿನ ಹಾದಿ ಸ್ವಲ್ಪ ಇಳಿಜಾರಾಗಿರುತ್ತದೆ, ವೀಲ್‌ಚೇರ್ ನೇರವಾಗಿ ಬಾಗಿಲಿಗೆ ಹೋಗಿ ಮುಟ್ಟುತ್ತದೆ.

ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವಾಗ ಹೆಚ್ಚು ಅಪಾಯವೆಂದು ನಾನು ಎಚ್ಚರಿಸಬೇಕು. ಹಿಂದಿನವರು ಕೈಚೀಲ ಹಿಡಿದು ಅವಸರದಲ್ಲಿ ಬರುತ್ತಿರುತ್ತಾರೆ, ಲೋಹದ ಮೆಟ್ಟಿಲು ಮಳೆಯಲ್ಲಿ ಜಾರುತ್ತದೆ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಚೀಲವಿದ್ದರೆ ಕಂಬಿ ಹಿಡಿಯಲು ಕೈ ಉಳಿಯುವುದಿಲ್ಲ. ನಮ್ಮ ಕೆಲಸದಲ್ಲಿ ಕಂಡ ಬೀಳುವಿಕೆಗಳಲ್ಲಿ ಹೆಚ್ಚಿನವು ಕೊನೆಯ ಎರಡು ಮೂರು ಮೆಟ್ಟಿಲುಗಳಲ್ಲಿ, ದೃಷ್ಟಿ ಆಗಲೇ ಬಸ್ಸಿನ ಕಡೆ ಹರಿದಿದ್ದಾಗ ಆದವು.

ಈಗ ಸಮಯದ ವಿಷಯ. ಇಲ್ಲಿ ಬಸ್ಸಿಗೂ ಏರೋಬ್ರಿಡ್ಜ್‌ಗೂ ಇರುವ ವ್ಯತ್ಯಾಸ ಕೆಲವು ನಿಮಿಷಗಳದ್ದಷ್ಟೇ ಅಲ್ಲ, ಸ್ವರೂಪದ್ದು. ಏರೋಬ್ರಿಡ್ಜ್‌ನಲ್ಲಿ ಜನರು ಒಂದೇ ಹರಿವಾಗಿ ಹೋಗುತ್ತಾರೆ, ಬಸ್ಸಿನಲ್ಲಿ ಕಂತುಕಂತಾಗಿ ಹೋಗುತ್ತಾರೆ. ಬೆಳಿಗ್ಗೆ 10.00ಕ್ಕೆ ಹೊರಡುವ, 180 ಸೀಟುಗಳು ತುಂಬಿದ ಒಂದು ಎ320 ವಿಮಾನವನ್ನು ತೆಗೆದುಕೊಳ್ಳೋಣ. 10.00 ಎಂದರೆ ವಿಮಾನ ಬೇಯಿಂದ ಹಿಂದಕ್ಕೆ ಸರಿಯುವ ಸಮಯ, ನೆಲ ಬಿಡುವ ಸಮಯವಲ್ಲ. ಅದಕ್ಕೆ ಕೆಲವು ನಿಮಿಷ ಮೊದಲೇ ಬಾಗಿಲು ಮುಚ್ಚಿ, ಪ್ರಯಾಣಿಕರ ಸಂಖ್ಯೆ ಮತ್ತು ತೂಕದ ಅಂತಿಮ ಲೆಕ್ಕ ಪೈಲಟ್ ಕೈ ಸೇರಬೇಕು. ಒಂದು ಬಾಗಿಲಿನಿಂದ ನಿಮಿಷಕ್ಕೆ ಸುಮಾರು ಹನ್ನೆರಡು ಮಂದಿ ಒಳಹೋಗುತ್ತಾರೆ ಎಂಬ ಲೆಕ್ಕದಲ್ಲಿ ಅಷ್ಟೂ ಜನರಿಗೆ ಹದಿನೈದು ನಿಮಿಷ ಸಾಕು, ವಾಸ್ತವದಲ್ಲಿ ಕೈಚೀಲಗಳನ್ನು ಮೇಲಿಡುವ ತಡೆಯಿಂದ ಇಪ್ಪತ್ತೈದು ನಿಮಿಷವಾದರೂ ಬೇಕಾಗುತ್ತದೆ. ಆದ್ದರಿಂದ ಏರೋಬ್ರಿಡ್ಜ್ ಇದ್ದರೆ 9.20ರ ಸುಮಾರಿಗೆ ಗೇಟು ತೆರೆಯುತ್ತಾರೆ. 9.38ಕ್ಕೆ ಏದುಸಿರು ಬಿಡುತ್ತಾ ಬಂದವರೂ ಸಾಲಿನ ಬಾಲಕ್ಕೆ ಸೇರಿಕೊಂಡು ಎರಡು ಮೂರು ನಿಮಿಷದಲ್ಲಿ ವಿಮಾನದ ಬಾಗಿಲಲ್ಲಿರುತ್ತಾರೆ.

ಅದೇ ವಿಮಾನ ರಿಮೋಟ್ ಬೇಯಲ್ಲಿದ್ದು, ಮೂರು ಬಸ್ಸುಗಳನ್ನು ಬಳಸುತ್ತಾರೆ ಎಂದುಕೊಳ್ಳೋಣ. ಮೊದಲನೆಯದು 9.10ಕ್ಕೇ ತುಂಬಲು ಆರಂಭವಾಗಿ 9.20ಕ್ಕೆ ಹೊರಡುತ್ತದೆ, ಎರಡನೆಯದು 9.28ಕ್ಕೆ, ಕೊನೆಯದು 9.38ಕ್ಕೆ. ಕೊನೆಯ ಬಸ್ಸು ಐದಾರು ನಿಮಿಷ ಓಡಿ, ಅದರಲ್ಲಿದ್ದವರೆಲ್ಲ ಮೆಟ್ಟಿಲು ಹತ್ತಿ ಕುಳಿತಾಗ ಬಾಗಿಲು ಮುಚ್ಚುವ ಹೊತ್ತಾಗಿರುತ್ತದೆ. ಹೀಗಾಗಿ ಆ ಬಸ್ಸು ಹೊರಟ ಮೇಲೆ 9.39ಕ್ಕೆ ಬಂದ ಒಬ್ಬರಿಗಾಗಿ ಇನ್ನೊಂದು ಬಸ್ಸನ್ನು ಕಳುಹಿಸಲು ಸಮಯ ಉಳಿಯುವುದಿಲ್ಲ. ಗೇಟು ಮುಚ್ಚುವ ಗಡುವು ಬೋರ್ಡಿಂಗ್ ಪಾಸಿನಲ್ಲಿ ಎರಡೂ ಸಂದರ್ಭಗಳಲ್ಲಿ ಒಂದೇ ಆಗಿ ಮುದ್ರಿತವಾಗಿರಬಹುದು, ಆದರೆ ಏರೋಬ್ರಿಡ್ಜ್‌ನಲ್ಲಿ ಅದರ ಅಂಚಿನಲ್ಲಿ ಬಂದವರಿಗೆ ಸಿಗುವ ಒಂದೆರಡು ನಿಮಿಷದ ಸಡಿಲಿಕೆ ಬಸ್ಸಿನಲ್ಲಿ ಸಿಗುವುದೇ ಇಲ್ಲ. ಬಸ್ ಗೇಟು ಎಂದು ತಿಳಿದೊಡನೆ, ಮುದ್ರಿತ ಬೋರ್ಡಿಂಗ್ ಸಮಯಕ್ಕೆ ಹತ್ತು ನಿಮಿಷ ಮೊದಲು ಅಲ್ಲಿರುವುದನ್ನು ಸಾಮಾನ್ಯ ಪ್ರಯಾಣಿಕರಿಗೆ ನಾನು ಹೇಳುತ್ತೇನೆ. ನಿಮಗಾದರೆ ಹೊರಡುವುದಕ್ಕೆ ಪೂರ್ತಿ ಒಂದು ಗಂಟೆ ಮುಂಚೆ ಗೇಟಿನಲ್ಲಿರಿ, ಏಕೆಂದರೆ ಸಹಾಯ ಬೇಕಾದವರನ್ನು ಮೊದಲ ಬಸ್ಸಿಗಿಂತ ಮುಂಚೆ ಕಳುಹಿಸುವುದು ವಾಡಿಕೆ.

ಬಸ್ಸಿನ ದೆಸೆಯಿಂದ ವಿಮಾನ ತಡವಾಗುತ್ತದೆ ಎಂಬ ದೂರನ್ನೂ ಆಗಾಗ ಕೇಳುತ್ತೇನೆ. ಅದು ಅರ್ಧ ಸತ್ಯ. ರಿಮೋಟ್ ಬೇಯಲ್ಲಿ ಮುಂದೆ ಹಿಂದೆ ಎರಡೂ ಬಾಗಿಲುಗಳಿಗೆ ಲ್ಯಾಡರ್ ಹಚ್ಚಬಹುದಾದ್ದರಿಂದ ವಿಮಾನ ತುಂಬುವ ಕೆಲಸ ಏರೋಬ್ರಿಡ್ಜ್‌ಗಿಂತ ಚುರುಕಾಗಿಯೇ ಆಗುತ್ತದೆ. ಆದರೆ ಗುಡುಗು ಮಿಂಚಿನ ಸಮಯದಲ್ಲಿ ಏಪ್ರನ್ ಮೇಲಿನ ಕೆಲಸಗಾರರನ್ನು ಒಳಗೆ ಕರೆಸಿಕೊಂಡಾಗ ಬಸ್ಸಿನಿಂದ ಇಳಿಸಿ ಹತ್ತಿಸುವುದು ಪೂರ್ತಿ ನಿಂತುಹೋಗುತ್ತದೆ, ಮಳೆಗಾಲದ ಸಂಜೆಗಳಲ್ಲಿ ಇದನ್ನು ನೆನಪಿನಲ್ಲಿಡಬೇಕು.

ಇನ್ನು ನಿಮ್ಮ ತಾಯಿಯವರಿಗೆ ಮಾಡಬೇಕಾದ ಏರ್ಪಾಡು. ವೀಲ್‌ಚೇರ್ ಎಂಬ ಒಂದೇ ಮಾತಿನ ಹಿಂದೆ ವಿಮಾನಯಾನದಲ್ಲಿ ಮುಖ್ಯವಾಗಿ ಮೂರು ಬೇರೆ ಬೇರೆ ಸಂಕೇತಗಳಿವೆ. WCHR ಎಂದರೆ ದೂರ ನಡೆಯಲಾರರು, ಆದರೆ ಮೆಟ್ಟಿಲು ಹತ್ತಿ ಇಳಿಯಬಲ್ಲರು. WCHS ಎಂದರೆ ಮೆಟ್ಟಿಲು ಹತ್ತಲಾರರು, ವಿಮಾನದೊಳಗೆ ತಮ್ಮ ಸೀಟಿನವರೆಗೆ ನಡೆಯಬಲ್ಲರು. WCHC ಎಂದರೆ ಸೀಟಿನವರೆಗೂ ಹೊತ್ತೊಯ್ಯುವ ಸಹಾಯ ಬೇಕಾದವರು. ಬುಕ್ ಮಾಡುವಾಗ ಬರಿದೇ ವೀಲ್‌ಚೇರ್ ಬೇಕು ಎಂದರೆ ಬಹುತೇಕ ಸಲ WCHR ಎಂದೇ ದಾಖಲಾಗುತ್ತದೆ. ಏರೋಬ್ರಿಡ್ಜ್ ಇದ್ದ ದಿನ ಈ ತಪ್ಪು ಯಾರ ಗಮನಕ್ಕೂ ಬರುವುದಿಲ್ಲ, ರಿಮೋಟ್ ಬೇ ಸಿಕ್ಕ ದಿನವೇ ಅದು ಬಯಲಾಗುವುದು.

ಅಂಥದೊಂದು ಬೆಳಗು ನನಗೆ ಇಂದಿಗೂ ನೆನಪಿದೆ. ನಿಮ್ಮ ತಾಯಿಯವರ ವಯಸ್ಸಿನವರೇ ಒಬ್ಬರನ್ನು ನಮ್ಮ ಹುಡುಗನೊಬ್ಬ ವೀಲ್‌ಚೇರ್‌ನಲ್ಲಿ ಬಸ್ ಗೇಟಿಗೆ ತಂದು, ಬಸ್ಸಿನಲ್ಲಿ ಕರೆದೊಯ್ದು, ಲ್ಯಾಡರ್‌ನ ಬುಡದಲ್ಲಿ ನಿಲ್ಲಿಸಿ, ಇನ್ನು ಹತ್ತಿ ಅಮ್ಮ ಎಂದ. ಅವರು ಮೇಲೆ ನೋಡಿ, ಆಗುವುದಿಲ್ಲ ಮಗು ಎಂದರು. ಹುಡುಗನ ಕೈಯಲ್ಲಿದ್ದ ಪಟ್ಟಿಯಲ್ಲಿ WCHR ಎಂದಿತ್ತು, ಅವನು ತಪ್ಪು ಮಾಡಿರಲಿಲ್ಲ. ಆಂಬುಲಿಫ್ಟ್ ಆ ಹೊತ್ತಿಗೆ ಏಪ್ರನ್ನಿನ ಇನ್ನೊಂದು ತುದಿಯಲ್ಲಿ ಮತ್ತೊಂದು ವಿಮಾನಕ್ಕೆ ಹಚ್ಚಿಕೊಂಡಿತ್ತು. ಅದು ಬರುವವರೆಗೆ ಇಪ್ಪತ್ತೈದು ನಿಮಿಷ ಅವರು ವಿಮಾನದ ನೆರಳಿನಲ್ಲಿ, ಕಿವಿಗಡಚಿಕ್ಕುವ ಸದ್ದಿನ ನಡುವೆ ಕುಳಿತಿರಬೇಕಾಯಿತು. ತಮ್ಮಿಂದಾಗಿ ಎಲ್ಲರಿಗೂ ತಡವಾಯಿತಲ್ಲ ಎಂದು ಅವರು ಪದೇ ಪದೇ ಕ್ಷಮೆ ಕೇಳಿದ್ದು ನನ್ನನ್ನು ಬಹಳ ನೋಯಿಸಿತು. ಒಂದೇ ಒಂದು ಅಕ್ಷರ ಸರಿಯಾಗಿ ದಾಖಲಾಗಿದ್ದರೆ ಆ ವಾಹನ ಅವರಿಗಾಗಿ ಮೊದಲೇ ಕಾದಿರುತ್ತಿತ್ತು.

ಆದ್ದರಿಂದ ವಿಮಾನಯಾನ ಸಂಸ್ಥೆಗೆ ಕರೆ ಮಾಡಿ, ಪ್ರಯಾಣಕ್ಕೆ ಕನಿಷ್ಠ 48 ಗಂಟೆ ಮೊದಲು, ಎರಡೂ ವಿಮಾನಗಳಿಗೆ WCHS ಎಂದು ದಾಖಲಿಸುವಂತೆ ಹೇಳಿ. ದಾಖಲಾದುದನ್ನು ಓದಿ ಹೇಳಿಸಿಕೊಳ್ಳಿ. ಮೊದಲ ವಿಮಾನಕ್ಕೆ ಮಾತ್ರ ದಾಖಲಾಗಿ ಎರಡನೆಯದು ಬಿಟ್ಟುಹೋಗುವುದು ಸಾಮಾನ್ಯ. ಚೆಕ್-ಇನ್ ಕೌಂಟರಿನಲ್ಲಿ ಮತ್ತೊಮ್ಮೆ, ಇವರು ಮೆಟ್ಟಿಲು ಹತ್ತುವುದಿಲ್ಲ, ವಿಮಾನ ರಿಮೋಟ್ ಬೇಯಲ್ಲಿದ್ದರೆ ಆಂಬುಲಿಫ್ಟ್ ಬೇಕು ಎಂದು ಸ್ಪಷ್ಟವಾಗಿ ಹೇಳಿ. ಆಗ ತಾಯಿಯವರು ಇಷ್ಟಾದರೂ ನಡೆಯುತ್ತೇನೆ ಎಂದು ಸಂಕೋಚದಿಂದ ಎದ್ದು ನಿಂತರೆ, ಕೌಂಟರಿನವರು ಸಂಕೇತವನ್ನು WCHR ಎಂದು ಬದಲಿಸಿಬಿಡುವ ಸಂಭವವಿದೆ. ಸಮತಟ್ಟಾದ ನೆಲದಲ್ಲಿ ನಡೆಯಬಲ್ಲರು, ಮೆಟ್ಟಿಲು ಆಗದು ಎಂಬ ಎರಡನ್ನೂ ಒಟ್ಟಿಗೆ ಹೇಳಿದರೆ ಗೊಂದಲವಾಗುವುದಿಲ್ಲ.

ಆಂಬುಲಿಫ್ಟ್ ಎಂದರೆ ಲಾರಿಯ ಮೇಲೆ ಕೂರಿಸಿದ ಒಂದು ಕೋಣೆ. ವೀಲ್‌ಚೇರ್ ಸಹಿತ ಒಳಗೆ ಹೋದ ಮೇಲೆ ಆ ಕೋಣೆ ಕತ್ತರಿಯಾಕಾರದ ಕಾಲುಗಳ ಮೇಲೆ ಏರಿ, ಸಾಮಾನ್ಯವಾಗಿ ವಿಮಾನದ ಬಲಬದಿಯ ಬಾಗಿಲಿಗೆ ಹೊಂದಿಕೊಳ್ಳುತ್ತದೆ. ಜೊತೆಗೆ ಒಬ್ಬರನ್ನು ಸಾಮಾನ್ಯವಾಗಿ ಬಿಡುತ್ತಾರೆ, ನೀವು ಹೋಗಬಹುದು. ಅದು ಅತ್ಯಂತ ಸುರಕ್ಷಿತವಾದ ಮಾರ್ಗ, ಆದರೆ ಅದರ ಬೆಲೆಯನ್ನು ಸಮಯದಲ್ಲಿ ತೆರಬೇಕು. ಒಂದು ನಿಲ್ದಾಣದಲ್ಲಿ ಇಂಥ ವಾಹನಗಳು ಕೆಲವೇ ಇರುತ್ತವೆ. ಹೊರಡುವಾಗ ಅದು ನಿಮ್ಮನ್ನು ಮೊದಲು ಹತ್ತಿಸಬಹುದು, ಇಳಿಯುವಾಗ ಮಾತ್ರ ಉಳಿದವರೆಲ್ಲ ಹೋದ ಮೇಲೆಯೇ ನಿಮ್ಮ ಸರದಿ.

ನಿಮ್ಮ 75 ನಿಮಿಷದ ಬಿಡುವಿನ ಬಗ್ಗೆ ನನಗೆ ಆತಂಕವಿರುವುದು ಇಲ್ಲಿಯೇ. ಮೊದಲ ವಿಮಾನ ಮಧ್ಯಾಹ್ನ 12.00ಕ್ಕೆ ಸರಿಯಾಗಿ ಬಂದು ನಿಂತಿತು, ಎರಡನೆಯದು 1.15ಕ್ಕೆ ಎಂದುಕೊಳ್ಳಿ. ಏರೋಬ್ರಿಡ್ಜ್ ಸಿಕ್ಕರೆ ವಿಮಾನ ಖಾಲಿಯಾಗಿ ವೀಲ್‌ಚೇರ್ ಬಾಗಿಲಿಗೆ ಬರುವಾಗ 12.15 ಆಗಿ, ಮುಂದಿನ ಗೇಟಿನ ಕಡೆ ಹೊರಡಲು ತಕ್ಕಷ್ಟು ಸಮಯ ಉಳಿಯುತ್ತದೆ. ರಿಮೋಟ್ ಬೇ ಆದರೆ ವಿಮಾನ ಖಾಲಿಯಾದ ಮೇಲೆ ಆಂಬುಲಿಫ್ಟ್ ಹಚ್ಚಿ, ಇಳಿಸಿ, ನಿಧಾನವಾಗಿ ಓಡಿಸಿಕೊಂಡು ಟರ್ಮಿನಲ್ಲಿಗೆ ಬರುವಾಗ 12.35 ಆಗಬಹುದು. ಎರಡನೆಯದೂ ರಿಮೋಟ್ ಬೇಯಾಗಿದ್ದರೆ ಸಹಾಯ ಬೇಕಾದವರನ್ನು 12.30ಕ್ಕೇ ಕರೆಯಲು ಆರಂಭಿಸಿರುತ್ತಾರೆ, 12.55ರ ಹೊತ್ತಿಗೆ ಗೇಟು ಮುಚ್ಚುತ್ತದೆ. ನಡುವೆ ಮತ್ತೊಮ್ಮೆ ಭದ್ರತಾ ತಪಾಸಣೆ ಇದ್ದರೆ ಆ ಇಪ್ಪತ್ತು ನಿಮಿಷ ಅದಕ್ಕೇ ಸಾಲದು. ಇದೆಲ್ಲವೂ ಮೊದಲ ವಿಮಾನ ಒಂದು ನಿಮಿಷವೂ ತಡವಾಗದಿದ್ದರೆ ಎಂಬ ಲೆಕ್ಕ.

ಟಿಕೆಟ್ ಮಾರಿದ್ದಾರೆಂದ ಮೇಲೆ ಆ ಬಿಡುವು ಸಾಕಾಗಲೇಬೇಕಲ್ಲ ಎಂದು ನಿಮಗೆ ಅನಿಸಬಹುದು. ಪ್ರತಿ ನಿಲ್ದಾಣಕ್ಕೂ ಒಂದು ಕನಿಷ್ಠ ಬದಲಾವಣೆ ಸಮಯ ಗೊತ್ತುಪಡಿಸಿರುತ್ತಾರೆ, ಅದಕ್ಕಿಂತ ಕಡಿಮೆ ಬಿಡುವಿನ ಟಿಕೆಟ್ ಮಾರುವುದಿಲ್ಲ. ಆದರೆ ಅದು ತನ್ನ ಕಾಲ ಮೇಲೆ ನಡೆದು ಹೋಗುವ ಸಾಮಾನ್ಯ ಪ್ರಯಾಣಿಕರನ್ನು ಮನಸ್ಸಿನಲ್ಲಿಟ್ಟ ಲೆಕ್ಕ, ಆಂಬುಲಿಫ್ಟಿಗಾಗಿ ಕಾಯುವವರದಲ್ಲ. ಎರಡೂ ಒಂದೇ ಟಿಕೆಟ್ಟಿನಲ್ಲಿರುವುದರಿಂದ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಸಂಸ್ಥೆಯೇ ಮುಂದಿನ ವಿಮಾನಕ್ಕೆ ವ್ಯವಸ್ಥೆ ಮಾಡುತ್ತದೆ. ಹಣದ ನಷ್ಟವಿಲ್ಲ, ಆದರೆ ಮೊಣಕಾಲು ನೋಯುವವರು ಐದಾರು ಗಂಟೆ ಕುರ್ಚಿಯಲ್ಲಿ ಕಾಯಬೇಕಾದೀತು. ನಾನು ನಿಮ್ಮ ಸ್ಥಾನದಲ್ಲಿದ್ದರೆ ಇಂದೇ ಕರೆ ಮಾಡಿ, WCHS ದಾಖಲಿಸುವ ಅದೇ ಕರೆಯಲ್ಲಿ, ಎರಡೂವರೆ ಗಂಟೆ ಬಿಡುವಿರುವ ವಿಮಾನಕ್ಕೆ ಬದಲಿಸಿಕೊಡಲು ಕೇಳುತ್ತಿದ್ದೆ. ಬದಲಾವಣೆಗೆ ಶುಲ್ಕ ಕೇಳಿದರೂ ಅದನ್ನು ಕೊಡುವುದು ಸರಿ ಎಂಬುದು ನನ್ನ ಅಭಿಪ್ರಾಯ. ಬದಲಿಸಲು ಆಗದಿದ್ದರೆ ಆಂಬುಲಿಫ್ಟಿನ ಬದಲು ಮೆಟ್ಟಿಲಲ್ಲೇ ಇಳಿದು ಸಮಯ ಉಳಿಸೋಣ ಎಂದು ಅಲ್ಲಿ ಹೊಳೆಯಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಉಳಿಯುವ ಹತ್ತು ನಿಮಿಷಕ್ಕೆ ಬದಲಿಸಿದ ಕೀಲಿನ ಮೇಲೆ ಹದಿನೆಂಟು ಮೆಟ್ಟಿಲು ಇಳಿಯುವ ಅಪಾಯ ಹೆಚ್ಚಿನ ಬೆಲೆ.

ಪ್ರಯಾಣದ ದಿನ ಬಸ್ಸೋ ಏರೋಬ್ರಿಡ್ಜೋ ಎಂದು ತಿಳಿಯಲು ಒಂದು ಸುಲಭ ಗುರುತಿದೆ. ಪರದೆಯ ಮೇಲೆ ತೋರಿಸುವ ಗೇಟಿಗೆ ಹೋಗಲು ಕೆಳ ಅಂತಸ್ತಿಗೆ ಇಳಿಯಬೇಕಾಗಿದ್ದರೆ ಅದು ಬಸ್ ಗೇಟು ಎಂದೇ ತಿಳಿಯಿರಿ. ಅಲ್ಲಿಗೆ ಎಸ್ಕಲೇಟರ್ ಬೇಡ, ಲಿಫ್ಟ್ ಕೇಳಿ. ಗೇಟು ಕೊನೆಯ ಅರ್ಧ ಗಂಟೆಯಲ್ಲೂ ಬದಲಾಗಬಹುದಾದ್ದರಿಂದ ಪರದೆಯನ್ನು ಆಗಾಗ ನೋಡುತ್ತಿರಿ.

ಇಳಿಯುವ ಕಡೆಯ ಏರ್ಪಾಡನ್ನು ವಿಮಾನದೊಳಗಿನಿಂದಲೇ ಚುರುಕುಗೊಳಿಸಬಹುದು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ವಿಮಾನ ಕೆಳಗಿಳಿಯಲು ಆರಂಭಿಸುವುದಕ್ಕೆ ಸುಮಾರು ಅರ್ಧ ಗಂಟೆ ಮೊದಲು ಸಿಬ್ಬಂದಿಯನ್ನು ಕರೆದು, ಈ ಸೀಟಿನಲ್ಲಿರುವವರು ಮೆಟ್ಟಿಲು ಇಳಿಯಲಾರರು, ಮುಂದಿನ ವಿಮಾನ 1.15ಕ್ಕಿದೆ ಎಂದು ಹೇಳಿ. ಅವರು ಅದನ್ನು ಪೈಲಟ್‌ಗೆ ತಿಳಿಸಿದರೆ, ಪೈಲಟ್ ರೇಡಿಯೋ ಮೂಲಕ ನೆಲದ ಸಿಬ್ಬಂದಿಗೆ ಹೇಳುತ್ತಾರೆ. ನಮಗೆ ಆ ಸುದ್ದಿ ವಿಮಾನ ಇನ್ನೂ ಆಕಾಶದಲ್ಲಿರುವಾಗಲೇ ಬಂದರೆ ಆಂಬುಲಿಫ್ಟನ್ನು ಬೇಯ ಬಳಿ ತಂದು ನಿಲ್ಲಿಸಿಕೊಂಡಿರುತ್ತೇವೆ. ಬಾಗಿಲು ತೆರೆದ ಮೇಲೆ ಬಂದರೆ ಅದನ್ನು ಹುಡುಕಿ ಕರೆಸಬೇಕಾಗುತ್ತದೆ.